ಏರಿಯಲ್ ಕೂಡ ಒಂದು ಕೆಪಾಸಿಟರ್: ನನ್ನ ಕ್ರಿಸ್ಟಲ್ ರೇಡಿಯೊ ಕಲಿಸಿದ್ದು

ಧಾರವಾಡದ ನಮ್ಮ ಮನೆಯ ಮಾಳಿಗೆ ಮೇಲೆ ಕೂತು ನಾನು ಕ್ರಿಸ್ಟಲ್ ರೇಡಿಯೊ ಕಟ್ಟಿದೆ. ಹಾಡು ಕೇಳೋಕೆ ಮನೆಯಲ್ಲಿ ಬೇರೆ ರೇಡಿಯೊ ಇತ್ತು. ಕಾಯಿಲ್‌ಗೆ ಎಷ್ಟು ಸುತ್ತು ಬೇಕು, ಆ ಸಂಖ್ಯೆ ಎಲ್ಲಿಂದ ಬರುತ್ತೆ ಅನ್ನೋದು ನನಗೆ ಬೇಕಿತ್ತು. ಧಾರವಾಡ ಆಕಾಶವಾಣಿಯ ಮೀಡಿಯಂ ವೇವ್ 765 ಕಿಲೊಹರ್ಟ್ಸ್‌ನಲ್ಲಿ ಬರುತ್ತಿತ್ತು. ಊರಲ್ಲೇ ಅಷ್ಟು ಜೋರಾದ ಸ್ಟೇಷನ್ ಇದ್ದರೆ ಬ್ಯಾಟರಿ ಇಲ್ಲದ ರೇಡಿಯೊಗೆ ಅದಕ್ಕಿಂತ ಒಳ್ಳೆಯದು ಇನ್ನೇನು ಬೇಕು.

ಕಾಯಿಲ್ ಸುತ್ತೋಕೆ 75 ಮಿಲಿಮೀಟರ್ ಪಿವಿಸಿ ಪೈಪಿನ ತುಂಡು ತಗೊಂಡೆ. ತಂತಿಗೆ ಮೋಟಾರ್ ವೈಂಡಿಂಗ್ ಅಂಗಡಿಗೆ ಹೋದೆ. ಅಲ್ಲಿ ತಾಮ್ರದ ತಂತಿಯನ್ನು ಗೇಜ್ ಹೇಳಿದರೆ ತೂಕದ ಲೆಕ್ಕದಲ್ಲಿ ಕೊಡುತ್ತಾರೆ. 24 ಗೇಜ್, 100 ಗ್ರಾಂ. ಸುಮಾರು 45 ಮೀಟರ್ ಬರುತ್ತೆ, ಎರಡು ಕಾಯಿಲ್‌ಗೆ ಸಾಕು. ಅಂಗಡಿಯ ಕಾಕಾ ತಂತಿ ಕೊಡುವಾಗ ಹೇಳಿದರು: "ತಮ್ಮಾ, ತುದಿ ಛಲೋತ್ನಾಗಿ ಕೆರೀಬೇಕು. ಎನಾಮಲ್ ಹೋಗಲಿಲ್ಲಂದ್ರ ಬೆಸುಗಿ ಹಿಡಿದಂಗ ಕಾಣ್ತದ, ಕರೆಂಟ್ ಹಾಯೂದಿಲ್ಲ." ಅವರು ಹೇಳಿದ ಹಾಗೇ ಒಂದು ತುದಿ ಕೈಕೊಟ್ಟಿತು. ಬೆಸುಗೆ ಮೇಲೆ ಹೊಳೆಯುತ್ತಿತ್ತು, ಆದರೆ ಮೀಟರ್ ಬೀಪ್ ಅನ್ನಲಿಲ್ಲ. ಅಲ್ಲಿಂದ ಮುಂದೆ ಸುತ್ತಿದ ಪ್ರತಿ ಕಾಯಿಲ್‌ನ ಎರಡೂ ತುದಿಗೆ ಮೊದಲು ಮೀಟರ್ ಹಿಡಿಯುತ್ತೇನೆ.

ಗ್ಯಾಂಗ್ ಕಂಡೆನ್ಸರ್, ಅಂದರೆ ತಿರುಗಿಸಿ ಬೆಲೆ ಬದಲಿಸುವ ಕೆಪಾಸಿಟರ್, ಹಳೆ ರೇಡಿಯೊದಿಂದ ತೆಗೆದದ್ದು, ಅಲ್ಯೂಮಿನಿಯಂ ತಗಡುಗಳಿರುವ ದೊಡ್ಡದು. ನನ್ನ ಮಲ್ಟಿಮೀಟರ್‌ನಲ್ಲಿ ಕೆಪಾಸಿಟರ್ ಅಳೆಯುವ ರೇಂಜ್ ಇದೆ. ಗ್ಯಾಂಗನ್ನು ಬೇರೆ ಯಾವುದಕ್ಕೂ ಜೋಡಿಸುವ ಮೊದಲು, ತಗಡುಗಳು ಹೊರಗೆ ಬರುವಂತೆ ಪೂರ್ತಿ ಬಿಚ್ಚಿ ಅಳೆದೆ, 15 ಪಿಕೊಫ್ಯಾರಡ್. ಪೂರ್ತಿ ಮುಚ್ಚಿದಾಗ 410. ನಡುವಿನ ಜಾಗಗಳನ್ನೂ ಅಳೆದು, ರಟ್ಟಿನ ಡಯಲ್ ಮೇಲೆ ಪೆನ್ಸಿಲ್‌ನಿಂದ ಗುರುತು ಹಾಕಿಕೊಂಡೆ. ಈ ರಟ್ಟಿನ ತುಂಡೇ ಮುಂದೆ ನನಗೆ ಎಲ್ಲ ಹೇಳಿಕೊಟ್ಟಿತು.

ಜೋಡಣೆ ಸರಳ. ಕಾಯಿಲ್‌ನ ಕೆಳ ತುದಿ ಅರ್ಥ್‌ಗೆ, ಮೇಲಿನ ತುದಿ ಏರಿಯಲ್‌ಗೆ. ಗ್ಯಾಂಗ್ ಕಾಯಿಲ್‌ನ ಎರಡು ತುದಿಗಳ ನಡುವೆ. ಮೇಲಿನ ತುದಿಯಿಂದ ಜರ್ಮೇನಿಯಂ ಡಯೋಡ್, ಅದರಿಂದ ಇಯರ್‌ಫೋನ್, ಇಯರ್‌ಫೋನಿನ ಇನ್ನೊಂದು ತಂತಿ ಅರ್ಥ್‌ಗೆ. ಅರ್ಥ್‌ಗಾಗಿ ಮೂರು ಅಡಿ ಜಿಐ ಪೈಪನ್ನು ಹಿತ್ತಲಲ್ಲಿ ಹೊಡೆದು ನೀರು ಹಾಕಿದೆ. ಗೋಡೆಯ ಪ್ಲಗ್ಗಿನ ಅರ್ಥನ್ನು ಇದಕ್ಕೆ ಮುಟ್ಟಲೇಬಾರದು. ಏರಿಯಲ್ ಅಂದರೆ 18 ಮೀಟರ್ ಮಾಮೂಲಿ ವೈರ್, ಮಾಳಿಗೆಯಿಂದ ತೆಂಗಿನ ಮರಕ್ಕೆ. ಕರೆಂಟ್ ತಂತಿ ಇರುವ ಕಡೆಗೆ ಎಳೆಯಲಿಲ್ಲ. ಏಪ್ರಿಲ್-ಮೇ ತಿಂಗಳ ಗುಡುಗಿನ ಮಳೆ ಶುರುವಾಗುವ ಮೊದಲೇ ಪೂರ್ತಿ ಇಳಿಸಿಬಿಡುತ್ತಿದ್ದೆ.

ಮೊದಲ ಕಾಯಿಲ್‌ಗೆ 80 ಸುತ್ತು ಹಾಕಿದೆ. ಯಾರೋ 80 ಅಂದಿದ್ದರು, ಸುತ್ತಿದೆ ಅಷ್ಟೆ. ಧ್ವನಿ ಬಂತು, ಸಣ್ಣದಾಗಿ. ಕಿವಿಯನ್ನು ನಂಬೋದು ಬೇಡ ಅಂತ ಇಯರ್‌ಫೋನ್ ತೆಗೆದು 100 ಕಿಲೊ ಓಮ್ ರೆಸಿಸ್ಟರ್ ಹಾಕಿ, ಅದರ ಮೇಲೆ ಮಲ್ಟಿಮೀಟರ್ ಇಟ್ಟೆ. ಗ್ಯಾಂಗ್ ಮುಚ್ಚಿದಾಗ 2 ಮಿಲಿವೋಲ್ಟ್. ಬಿಚ್ಚುತ್ತ ಹೋದ ಹಾಗೆ 4, 7, 11. ಪೂರ್ತಿ ಬಿಚ್ಚಿದಾಗ 19. ಅಲ್ಲಿಗೆ ಗ್ಯಾಂಗ್ ಮುಗಿಯಿತು, ಮೀಟರ್ ಮಾತ್ರ ಇನ್ನೂ ಏರುವ ದಾರಿಯಲ್ಲೇ ಇತ್ತು. ಟ್ಯೂನ್ ಆಗಿದ್ದರೆ ಮೀಟರ್ ಏರಿ, ಒಂದು ತುದಿ ಮುಟ್ಟಿ, ಮತ್ತೆ ಇಳಿಯಬೇಕು. ಇಳಿಯಲಿಲ್ಲ ಅಂದರೆ ಸ್ಟೇಷನ್ ನಮ್ಮ ಡಯಲಿನ ಆಚೆ ಇದೆ ಅಂತ ಅರ್ಥ. ಗ್ಯಾಂಗ್ ಬಿಚ್ಚಿದ ಕಡೆ ಹೀಗಾದರೆ ಕಾಯಿಲ್ ದೊಡ್ಡದಾಗಿದೆ, ಮುಚ್ಚಿದ ಕಡೆ ಹೀಗಾದರೆ ಚಿಕ್ಕದು.

ಆಗ ಕೂತು ಲೆಕ್ಕ ಮಾಡಿದೆ. ಒಂದೇ ಪದರದ ಕಾಯಿಲ್‌ಗೆ ವೀಲರ್ ಸೂತ್ರ ಸಾಕು:

```
L = (r*r*n*n) / (22.9*r + 25.4*l)
f = 1 / (2*pi*sqrt(L*C))
```

ಮೊದಲ ಸಾಲಿನಲ್ಲಿ `r` ಕಾಯಿಲ್‌ನ ತ್ರಿಜ್ಯ, `l` ಸುತ್ತಿದ ಭಾಗದ ಉದ್ದ, ಎರಡೂ ಸೆಂಟಿಮೀಟರ್‌ನಲ್ಲಿ. `n` ಸುತ್ತು. ಉತ್ತರ `L`, ಅಂದರೆ ಕಾಯಿಲ್‌ನ ಇಂಡಕ್ಟನ್ಸ್, ಮೈಕ್ರೊಹೆನ್ರಿಯಲ್ಲಿ ಬರುತ್ತೆ. ಎರಡನೇ ಸಾಲಿನಲ್ಲಿ `C` ಕೆಪಾಸಿಟರ್‌ನ ಬೆಲೆ, `f` ಟ್ಯೂನ್ ಆಗುವ ಫ್ರೀಕ್ವೆನ್ಸಿ. ಎರಡನೇ ಸಾಲಿಗೆ ಹಾಕುವಾಗ ಅದನ್ನು ಹೆನ್ರಿಗೆ, ಪಿಕೊಫ್ಯಾರಡನ್ನು ಫ್ಯಾರಡ್‌ಗೆ ಬದಲಾಯಿಸಿಕೊಳ್ಳಬೇಕು. ನನ್ನ ತ್ರಿಜ್ಯ 3.78. ಎನಾಮಲ್ ಸೇರಿ ಒಂದು ಸುತ್ತಿಗೆ 0.6 ಮಿಲಿಮೀಟರ್, ಹಾಗಾಗಿ 80 ಸುತ್ತಿಗೆ 4.8 ಸೆಂಟಿಮೀಟರ್. ಸುಮಾರು 439 ಮೈಕ್ರೊಹೆನ್ರಿ ಬಂತು. ಇದು 765ಕ್ಕೆ ಟ್ಯೂನ್ ಆಗಬೇಕಾದರೆ ಒಟ್ಟು 99 ಪಿಕೊಫ್ಯಾರಡ್ ಬೇಕು.

ಇಲ್ಲೇ ನಾನು ಸಿಕ್ಕಿಬಿದ್ದೆ. ಗ್ಯಾಂಗ್ 15ರಿಂದ 410ರವರೆಗೆ ಹೋಗುತ್ತೆ, 99 ಅದರೊಳಗೇ ಇದೆ, ಅಲ್ವಾ? ಹಾಗಾದರೆ ಯಾಕೆ ಸಿಗ್ತಿಲ್ಲ? ಎರಡು ದಿನ ಸೂತ್ರವೇ ತಪ್ಪಿರಬೇಕು ಅಂದುಕೊಂಡೆ. ಕೊನೆಗೆ ಲೆಕ್ಕ ಬಿಟ್ಟು ಸುತ್ತು ಬಿಚ್ಚೋಕೆ ಶುರು ಮಾಡಿದೆ. ಐದೈದು ಸುತ್ತು ಬಿಚ್ಚಿ, ತುದಿ ಕೆರೆದು, ಮತ್ತೆ ಮೀಟರ್ ನೋಡೋದು. 55 ಸುತ್ತಿಗೆ ಬಂದಾಗ ಮೀಟರ್ ಏರಿ ಇಳಿಯಿತು! ಮೀಟರ್ ತುದಿ ಮುಟ್ಟಿದ್ದು ಡಯಲಿನ 38ರ ಗುರುತಿನ ಹತ್ತಿರ.

55 ಸುತ್ತಿನ ಕಾಯಿಲ್ ಅಂದರೆ 254 ಮೈಕ್ರೊಹೆನ್ರಿ. ಅದಕ್ಕೆ 765ರಲ್ಲಿ 170 ಪಿಕೊಫ್ಯಾರಡ್ ಬೇಕು. ಗ್ಯಾಂಗ್ ಕೊಡುತ್ತಿರೋದು ಬರೀ 38. ಉಳಿದ 132 ಎಲ್ಲಿಂದ ಬಂತು?

ಏರಿಯಲನ್ನು ಕಾಯಿಲ್‌ನಿಂದ ಬಿಚ್ಚಿ, ಅದರ ವೈರನ್ನು ಮುಟ್ಟಿಸದೆ ಸುಮ್ನೆ ಪಕ್ಕದಲ್ಲಿ ಇಟ್ಟೆ. ಮೀಟರ್ ಬಹಳ ಕಡಿಮೆ ತೋರಿಸಿತು, ಆದರೆ ತುದಿ ಸ್ಪಷ್ಟವಾಗಿತ್ತು, 160ರಲ್ಲಿ. ಲೆಕ್ಕದ 170ಕ್ಕೂ ಇದಕ್ಕೂ 10ರ ವ್ಯತ್ಯಾಸ. ಅದು ಕಾಯಿಲ್‌ನ ಸುತ್ತುಗಳ ನಡುವೆ ಮತ್ತು ಜೋಡಣೆಯ ತಂತಿಗಳ ನಡುವೆ ಇರುವ ಕೆಪಾಸಿಟನ್ಸ್. ಏರಿಯಲ್ ಜೋಡಿಸಿದರೆ ತುದಿ 160ರಿಂದ 38ಕ್ಕೆ ಜಿಗಿಯುತ್ತೆ. ಅಂದರೆ ನನ್ನ 18 ಮೀಟರ್ ಏರಿಯಲ್ ಸ್ವತಃ 122 ಪಿಕೊಫ್ಯಾರಡ್! ಮೇಲೆ ಒಂದು ತಂತಿ, ಕೆಳಗೆ ನೆಲ, ನಡುವೆ ಗಾಳಿ. ಅದೂ ಒಂದು ಕೆಪಾಸಿಟರ್, ಗ್ಯಾಂಗಿನ ಪಕ್ಕದಲ್ಲೇ ಕೂತಿದೆ. ಮೊದಲ ಕಾಯಿಲ್‌ಗೆ 99 ಬೇಕಿತ್ತು, ಏರಿಯಲ್ ಒಂದೇ 122 ತಂದು ಹಾಕುತ್ತಿತ್ತು. ಗ್ಯಾಂಗ್ ಪೂರ್ತಿ ಬಿಚ್ಚಿದರೂ ಅದು 627 ಕಿಲೊಹರ್ಟ್ಸ್ ದಾಟುತ್ತಿರಲಿಲ್ಲ. ಸೂತ್ರ ಸರಿಯಾಗೇ ಇತ್ತು, ನಾನೇ ಅದಕ್ಕೆ ಅರ್ಧ ಸಂಗತಿ ಮಾತ್ರ ಕೊಟ್ಟಿದ್ದೆ.

ಏರಿಯಲ್ ಮತ್ತು ಕಾಯಿಲ್ ನಡುವೆ 47 ಪಿಕೊಫ್ಯಾರಡ್‌ನ ಸಣ್ಣ ಸೆರಾಮಿಕ್ ಕೆಪಾಸಿಟರ್ ಹಾಕಿದೆ. ಸಾಲಾಗಿ ಜೋಡಿಸಿದ ಎರಡು ಕೆಪಾಸಿಟರ್ ಸೇರಿ ಚಿಕ್ಕದಾಗುತ್ತವೆ. 122 ಮತ್ತು 47 ಸೇರಿ 34. ಹಾಗಾದರೆ ಗ್ಯಾಂಗ್ 126ರಲ್ಲಿ ನಿಲ್ಲಬೇಕು ಅಂತ ಮೊದಲೇ ಕಾಗದದ ಮೇಲೆ ಬರೆದಿಟ್ಟು, ಆಮೇಲೆ ತಿರುಗಿಸಿದೆ. 128ರಲ್ಲಿ ಸಿಕ್ಕಿತು. ಆ ಹೊತ್ತಿನ ಖುಷಿ ಇನ್ನೂ ನೆನಪಿದೆ. ಇದು ಮೊದಲೇ ಗೊತ್ತಿದ್ದರೆ 80 ಸುತ್ತಿನ ಕಾಯಿಲ್ ಬಿಚ್ಚುವ ಅಗತ್ಯವೇ ಇರಲಿಲ್ಲ, ಅದಕ್ಕೂ ಇದೇ ಕೆಪಾಸಿಟರ್ ಸಾಕಾಗುತ್ತಿತ್ತು.

ಇನ್ನು ಡಯೋಡ್. ಜರ್ಮೇನಿಯಂ ಅಂತ ಹೇಳಿ ಸಿಲಿಕಾನ್ ಡಯೋಡ್ ಕೊಡುವುದುಂಟು. ಮಲ್ಟಿಮೀಟರ್‌ನ ಡಯೋಡ್ ರೇಂಜ್‌ನಲ್ಲಿ 0.3 ವೋಲ್ಟ್ ಆಸುಪಾಸು ತೋರಿಸಿದರೆ ಕೆಲಸಕ್ಕೆ ಬರುತ್ತೆ. 0.6 ಬಂದರೆ ಅದು ಸಿಲಿಕಾನ್, ಇಷ್ಟು ಸಣ್ಣ ಸಿಗ್ನಲ್‌ಗೆ ಅದು ಬಾಗಿಲು ತೆರೆಯೋದಿಲ್ಲ. ಜಗದೀಶ ಚಂದ್ರ ಬೋಸ್ ಇದೇ ಕೆಲಸಕ್ಕೆ ಗೆಲೀನಾ ಹರಳು ಬಳಸಿ 1901ರಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದ್ದರು. 'ಕ್ರಿಸ್ಟಲ್' ಅನ್ನೋ ಹೆಸರು ಇಂಥ ಹರಳಿನಿಂದಲೇ ಬಂದದ್ದು.

ಡಯೋಡ್ ಸರಿಯಿದ್ದರೂ ಟ್ಯೂನಿಂಗ್ ತುಂಬಾ ಅಗಲವಾಗಿತ್ತು. ಮೀಟರ್ ತುದಿಯಿಂದ ಅರ್ಧಕ್ಕೆ ಇಳಿಯುವ ಎರಡು ಜಾಗ ಗುರುತಿಸಿದೆ. ನಡುವೆ 62 ಪಿಕೊಫ್ಯಾರಡ್. ಕೆಪಾಸಿಟರ್ ಎಷ್ಟು ಪಾಲು ಬದಲಾಗುತ್ತೋ ಫ್ರೀಕ್ವೆನ್ಸಿ ಅದರ ಅರ್ಧ ಪಾಲು ಬದಲಾಗುತ್ತೆ. 62 ಭಾಗಿಸು 170, ಅದರಲ್ಲಿ ಅರ್ಧ, ಗುಣಿಸು 765. ಸುಮಾರು 140 ಕಿಲೊಹರ್ಟ್ಸ್ ಅಗಲ! ಭದ್ರಾವತಿ ಆಕಾಶವಾಣಿಯ 675 ಕಿಲೊಹರ್ಟ್ಸ್ ಇದರಿಂದ ಬರೀ 90 ಕಿಲೊಹರ್ಟ್ಸ್ ದೂರದಲ್ಲಿತ್ತು. ಇಷ್ಟು ಅಗಲವಾದ ಟ್ಯೂನಿಂಗ್‌ನಲ್ಲಿ ಅದನ್ನು ಬೇರೆಯಾಗಿ ಹಿಡಿಯುವ ಮಾತೇ ಇರಲಿಲ್ಲ.

ಉಯ್ಯಾಲೆ ಜೀಕುವಾಗ ಯಾರಾದರೂ ಹಗ್ಗ ಹಿಡಿದು ಎಳೆದರೆ ಹೇಗೋ ಹಾಗೆ. ಡಯೋಡ್ ಮತ್ತು ಅದರ ಮುಂದಿನ ರೆಸಿಸ್ಟರ್ ಕಾಯಿಲ್‌ನಿಂದ ಶಕ್ತಿ ಎಳೆದು ಅನುರಣನವನ್ನು ಮಂದ ಮಾಡುತ್ತವೆ. ಪರಿಹಾರ ಹಗ್ಗವನ್ನು ಕೆಳಗೆ ಹಿಡಿಯೋದು. ಅರ್ಥ್ ಕಡೆಯಿಂದ ಎಣಿಸಿ 20ನೇ ಸುತ್ತಿನಲ್ಲಿ ಎನಾಮಲ್ ಕೆರೆದು ಟ್ಯಾಪ್ ತೆಗೆದೆ, ಡಯೋಡನ್ನು ಅಲ್ಲಿಗೆ ಜೋಡಿಸಿದೆ. ಪಕ್ಕದ ಸುತ್ತಿಗೆ ಬೆಸುಗೆ ತಾಗಬಾರದು. ತಾಗಿದರೆ ಒಂದು ಸುತ್ತು ತನ್ನಲ್ಲೇ ಮುಚ್ಚಿಕೊಂಡು ಇಡೀ ಕಾಯಿಲ್ ಸತ್ತ ಹಾಗಾಗುತ್ತೆ. ಹಾಗಾಗಿ ಆ ಒಂದು ಸುತ್ತಿನ ಕೆಳಗೆ ಬೆಂಕಿಕಡ್ಡಿ ತೂರಿಸಿ ಎತ್ತಿಕೊಂಡೆ. 55ರಲ್ಲಿ 20 ಅಂದರೆ ಡಯೋಡಿನ ಭಾರ ಏಳೂವರೆ ಪಟ್ಟು ಹಗುರ, ಯಾಕಂದರೆ ಭಾರ ಸುತ್ತುಗಳ ವರ್ಗದ ಲೆಕ್ಕದಲ್ಲಿ ಹೋಗುತ್ತೆ. ಅಗಲ 62ರಿಂದ 24ಕ್ಕೆ ಇಳಿಯಿತು, ಅಂದರೆ 54 ಕಿಲೊಹರ್ಟ್ಸ್. ಏಳೂವರೆ ಪಟ್ಟು ಕಿರಿದಾಗಲಿಲ್ಲ, ಏಕೆಂದರೆ ಏರಿಯಲ್ ಮತ್ತು ಅರ್ಥ್‌ನಲ್ಲಿ ಆಗುವ ನಷ್ಟ ಹಾಗೇ ಉಳಿದಿದೆ. ಹಿತ್ತಲಿನ ಪೈಪಿಗೆ ಎರಡು ಕೊಡ ನೀರು ಹಾಕಿದ ದಿನ ತುದಿ ಸ್ವಲ್ಪ ಎತ್ತರವಾಗುವುದನ್ನು ಮೀಟರ್‌ನಲ್ಲೇ ನೋಡಿದ್ದೇನೆ.

ಇಯರ್‌ಫೋನ್ ಮತ್ತೆ ಹಾಕಿದಾಗ ಧ್ವನಿ ಕಟ್ಟಿಕೊಂಡ ಹಾಗೆ ಬಂತು. ನನ್ನದು ಸೆರಾಮಿಕ್ ಇಯರ್‌ಫೋನ್, ಅದರ ಮೂಲಕ ಡಿಸಿ ಹರಿಯೋದಿಲ್ಲ. ಡಯೋಡ್ ತಳ್ಳಿದ ಚಾರ್ಜ್ ಅಲ್ಲೇ ತುಂಬಿ ನಿಲ್ಲುತ್ತೆ. ಮೀಟರ್‌ಗೆ ಬಳಸಿದ ಅದೇ 100 ಕಿಲೊ ಓಮ್ ರೆಸಿಸ್ಟರನ್ನು ಇಯರ್‌ಫೋನಿನ ಎರಡು ತಂತಿಗಳ ನಡುವೆ ಬಿಟ್ಟರೆ ಸಾಕು, ಮಾತು ಬಿಡಿಬಿಡಿಯಾಗಿ ಕೇಳುತ್ತೆ. ಮೊಬೈಲಿನ 32 ಓಮ್ ಇಯರ್‌ಫೋನನ್ನು ನೇರ ಹಾಕಿದರೆ ಏನೂ ಕೇಳಲಿಲ್ಲ, ಅದು ಕಾಯಿಲ್‌ನ ಮೇಲೆ ಬಂಡೆ ಇಟ್ಟ ಹಾಗೆ.

ಒಂದು ತೊಂದರೆ ಉಳಿದಿತ್ತು. ಡಯಲ್ ತಿರುಗಿಸಿ ಕೈ ತೆಗೆದರೆ ಧ್ವನಿ ಇಳಿಯುತ್ತಿತ್ತು, ಕೈ ತಂದರೆ ಏರುತ್ತಿತ್ತು. ಅಕ್ಕನ ಮಗ ಇದನ್ನೇ ಆಟ ಮಾಡಿಕೊಂಡ, ಬೆರಳು ತೋರಿಸಿ ಧ್ವನಿ ಏರಿಸೋದು. ನೋಡಿದರೆ ಗ್ಯಾಂಗಿನ ತಿರುಗುವ ತಗಡು, ಅಂದರೆ ಕೈಗೆ ಸಿಗುವ ಶಾಫ್ಟ್, ಏರಿಯಲ್ ಕಡೆಗೆ ಜೋಡಿಸಿಬಿಟ್ಟಿದ್ದೆ. ನಮ್ಮ ಕೈಯೂ ಕೆಲವು ಪಿಕೊಫ್ಯಾರಡ್ ಸೇರಿಸುತ್ತಿತ್ತು. ಎರಡು ತಂತಿ ಅದಲುಬದಲು ಮಾಡಿ ಶಾಫ್ಟನ್ನು ಅರ್ಥ್‌ಗೆ ಕೊಟ್ಟೆ. ಡಯಲ್ 128ರಲ್ಲಿ ನಿಂತಿತು. ಕೈ ತೆಗೆದರೂ ವಾರ್ತೆ ಓದುವ ದನಿ ಇದ್ದ ಹಾಗೇ ಇತ್ತು.