ಮೂರು ಫೋಟೋ, ಒಂದೇ ಬೆಳಕು: ಸಿನಿಮಾ ಪೋಸ್ಟರ್ ಮಾಡುವ ಬಗೆ

ಫೋಟೋಶಾಪ್‌ನಲ್ಲಿ ಬೇರೆ ಬೇರೆ ಫೋಟೋ ಸೇರಿಸಿ ಪೋಸ್ಟರ್ ಮಾಡುವಾಗ ಹೆಚ್ಚಿನವರು ಮೊದಲು ಬಣ್ಣಕ್ಕೆ ಕೈ ಹಾಕುತ್ತಾರೆ. ಎಲ್ಲದರ ಮೇಲೂ ಒಂದು ನೀಲಿ ಲೇಯರ್ ಎಳೆದರೆ ಸರಿಹೋಗುತ್ತದೆ ಅನ್ನೋ ನಂಬಿಕೆ. ಸರಿಹೋಗಲ್ಲ. ವ್ಯಕ್ತಿ ಕತ್ತರಿಸಿ ಅಂಟಿಸಿದ ಹಾಗೆ ಕಾಣುವುದಕ್ಕೆ ಸಾಮಾನ್ಯವಾಗಿ ಕಾರಣ ಬಣ್ಣ ಅಲ್ಲ, ಕಪ್ಪು ಎಷ್ಟು ಕಪ್ಪು, ಬಿಳಿ ಎಷ್ಟು ಬಿಳಿ ಅನ್ನುವುದು.

ಒಂದು ಉದಾಹರಣೆ ಹಿಡಿದೇ ನೋಡೋಣ. ನಮ್ಮ ಹತ್ತಿರ ಮೂರು ಸ್ಟಾಕ್ ಫೋಟೋ ಇವೆ: ಎಡಗಡೆ ದೂರದಲ್ಲಿ ಕಿತ್ತಳೆ ಬಣ್ಣದ ಬೀದಿದೀಪ ಉರಿಯುತ್ತಿರುವ ರಾತ್ರಿಯ ರಸ್ತೆ, ದಟ್ಟ ಮೋಡ, ಮತ್ತೆ ಸ್ಟುಡಿಯೋದಲ್ಲಿ ನಿಂತ ಉದ್ದ ಕೋಟಿನ ಹೆಂಗಸು.

ಹೆಂಗಸಿನ ಫೋಟೋ ಆರಿಸುವಾಗಲೇ ಅರ್ಧ ಕೆಲಸ ಮುಗಿಯುತ್ತದೆ. ಮೂಗಿನ ಕೆಳಗಿನ ನೆರಳು ನೋಡಿ. ಅದು ಚೂಪಾಗಿ, ಗಾಢವಾಗಿ ಬಿದ್ದಿದ್ದರೆ ಆ ಫೋಟೋ ಬಿಟ್ಟುಬಿಡಿ, ಎಷ್ಟೇ ಚೆನ್ನಾಗಿರಲಿ. ಮೃದು ಬೆಳಕಿನ ಫೋಟೋಗೆ ನೆರಳು ಸೇರಿಸಬಹುದು, ಇರುವ ಗಟ್ಟಿ ನೆರಳನ್ನು ತೆಗೆಯುವುದು ಬಲು ಕಷ್ಟ. ಇನ್ನೊಂದು, ಕ್ಯಾಮೆರಾ ಎತ್ತರ. ಎರಡೂ ಫೋಟೋವನ್ನು ಕಣ್ಣಿನ ಮಟ್ಟದಿಂದ ತೆಗೆದಿದ್ದರೆ ರಸ್ತೆಯ ದಿಗಂತದ ಗೆರೆ ಆಕೆಯ ಕಣ್ಣಿನ ಹತ್ತಿರವೇ ಹಾದುಹೋಗಬೇಕು. ಸೊಂಟದ ಹತ್ತಿರ ಹೋದರೆ ಆಕೆ ರಾಕ್ಷಸಿಯ ಹಾಗೆ ಕಾಣುತ್ತಾಳೆ.

ಆಕೆಯನ್ನು ಮಾಸ್ಕ್ ಮಾಡಿ ರಸ್ತೆ ಮೇಲೆ ನಿಲ್ಲಿಸಿದ ಮೇಲೆ, ಎಲ್ಲದರ ಮೇಲೊಂದು ಹೊಸ ಲೇಯರ್ ತೆರೆದು ಪೂರ್ತಿ ಕಪ್ಪು ತುಂಬಿ, ಅದರ ಬ್ಲೆಂಡ್ ಮೋಡ್ Color ಮಾಡಿ. ಇಡೀ ಚಿತ್ರ ಕಪ್ಪು-ಬಿಳುಪಾಗುತ್ತದೆ. ಈಗ Info ಪ್ಯಾನೆಲ್ ತೆರೆದು, ಆಕೆ ನಿಂತ ಜಾಗದ ಆಸುಪಾಸಿನಲ್ಲಿ ರಸ್ತೆಯ ಅತಿ ಕಪ್ಪು ಭಾಗದ ಮೇಲೆ ಮೌಸ್ ಇಡಿ. ಅಲ್ಲಿ 18 ಅಂತ ಬಂತು ಅನ್ನಿ. ಆಕೆಯ ಕೋಟಿನ ಮಡಿಕೆಯಲ್ಲಿ 3 ಇದೆ. ರಸ್ತೆಯಲ್ಲಿ ದೀಪ ಬಿಟ್ಟರೆ ಅತಿ ಬೆಳಕಿನ ಜಾಗ 140, ಆಕೆಯ ಕೆನ್ನೆ 225. ಅಂಟಿಸಿದ ಹಾಗೆ ಕಾಣದೆ ಇನ್ನೇನಾಗುತ್ತದೆ, ಅಲ್ವಾ?

ಆಕೆಯ ಲೇಯರ್ ಮೇಲೆ ಒಂದು Curves ಹಾಕಿ, ಎರಡು ಲೇಯರ್ ನಡುವಿನ ಗೆರೆ ಮೇಲೆ Alt ಒತ್ತಿ ಕ್ಲಿಕ್ ಮಾಡಿದರೆ ಅದರ ಪರಿಣಾಮ ಆಕೆಗೆ ಮಾತ್ರ ಸೀಮಿತವಾಗುತ್ತದೆ. ಎಡತುದಿಯ ಚುಕ್ಕೆಯನ್ನು ಮೇಲೆ ಎಳೆದು ಮಡಿಕೆಯನ್ನು 18ರ ಹತ್ತಿರ ತನ್ನಿ. ಬಲತುದಿಯನ್ನು ಕೆಳಗೆ ಎಳೆದು ಕೆನ್ನೆಯನ್ನು 140ರ ಸುತ್ತಮುತ್ತ ಇಳಿಸಿ. ಮುಖ ಮಂಕಾಗುತ್ತದೆ, ಆಗಲಿ. ದೀಪ ಆಕೆಯ ಹಿಂದಿದೆ, ಮುಖ ಮಂಕಾಗಿಯೇ ಇರಬೇಕು.

ಈಗ ಮೇಲಿನ ಕಪ್ಪು ಲೇಯರ್ ಮುಚ್ಚಿ ಬಣ್ಣಕ್ಕೆ ಬನ್ನಿ. ರಸ್ತೆಯ ಅದೇ ಕಪ್ಪು ಜಾಗದಲ್ಲಿ ಕೆಂಪು 13, ಹಸಿರು 18, ನೀಲಿ 29 ಇದೆ ಅಂದುಕೊಳ್ಳಿ. ಅಂದರೆ ಅಲ್ಲಿನ ನೆರಳು ನೀಲಿ. ಆಕೆಗೆ ಇನ್ನೊಂದು Curves ಹಾಕಿ, Red, Green, Blue ಒಂದೊಂದನ್ನೇ ತೆರೆದು, ಕೋಟಿನ ಕಪ್ಪು ಈ ಮೂರು ಅಂಕಿಗೆ ಹತ್ತಿರ ಬರುವಂತೆ ಎಡತುದಿಯನ್ನು ಸರಿಸಿ. ಮೋಡಕ್ಕೂ ಇದೇ ಪಾಠ, ಆದರೆ ಅದು ದೂರದ್ದು, ಹಾಗಾಗಿ ಅದರ ಕಪ್ಪು ಇನ್ನೂ ಸ್ವಲ್ಪ ಮಸುಕಾಗಿರಲಿ.

ನನಗೆ ಇಷ್ಟದ ಭಾಗ ಅಂದರೆ ಅಂಚಿನ ಬೆಳಕು. ಮತ್ತೊಂದು Curves ಹಾಕಿ ಜೋರಾಗಿ ಬೆಳಗಿಸಿ, ಕೆಂಪು ಏರಿಸಿ, ನೀಲಿ ಇಳಿಸಿ, ಇದನ್ನೂ ಆಕೆಗೇ ಸೀಮಿತ ಮಾಡಿ, ಅದರ ಮಾಸ್ಕನ್ನು Ctrl+I ಒತ್ತಿ ಕಪ್ಪು ಮಾಡಿ. ಆಮೇಲೆ ಬಿಳಿ ಬ್ರಶ್‌ನಿಂದ ದೀಪಕ್ಕೆ ಮುಖ ಮಾಡಿರುವ ಜಾಗಕ್ಕೆ ಮಾತ್ರ ಬಳಿಯಿರಿ: ಎಡಗಡೆ ಕೂದಲು, ಕೆನ್ನೆಯ ಅಂಚು, ಹೆಗಲು, ತೋಳು. ಸುತ್ತಲೂ ಒಂದೇ ದಪ್ಪದಲ್ಲಿ ಗೆರೆ ಎಳೆದರೆ ಅದು ಬೆಳಕಲ್ಲ, ಸ್ಟಿಕರ್‌ನ ಅಂಚು. ಹೆಗಲಿನ ಮೇಲೆ ಅಗಲವಾಗಿ, ಬಟ್ಟೆ ಒಳಸರಿದ ಕಡೆ ಮಾಯವಾಗಿ ಇರಬೇಕು. ಬಲಗಡೆ ಏನೂ ಬೇಡ.

ಕಾಲಿನ ನೆರಳು Multiply ಲೇಯರ್‌ನಲ್ಲಿ. ಶೂ ಅಡಿಯಲ್ಲಿ ತೆಳುವಾಗಿ ಗಾಢವಾಗಿ, ಅಲ್ಲಿಂದ ಬಲಕ್ಕೆ, ನಮ್ಮ ಕಡೆಗೆ ಚಾಚುತ್ತಾ ಮಸುಕಾಗಲಿ. ಅಚ್ಚ ಕಪ್ಪು ಬೇಡ, ರಸ್ತೆಯ ನೆರಳಿನ ಬಣ್ಣವನ್ನೇ ಐಡ್ರಾಪರ್‌ನಿಂದ ತೆಗೆದುಕೊಳ್ಳಿ.

ಕೊನೆಗೆ ಗ್ರೇನ್. ಸ್ಟುಡಿಯೋ ಫೋಟೋ ನುಣ್ಣಗಿರುತ್ತದೆ, ರಾತ್ರಿ ಫೋಟೋದಲ್ಲಿ ಕಾಳುಕಾಳು ಜಾಸ್ತಿ. ಎಲ್ಲದರ ಮೇಲೆ 50% ಬೂದು ತುಂಬಿದ ಲೇಯರ್ ಇಟ್ಟು, Overlay ಮಾಡಿ, Add Noise ಅನ್ನು 3-4% ಹಾಕಿ, Monochromatic ಟಿಕ್ ಮಾಡಿ. ಆಮೇಲೂ ಯಾಕೋ ಆಕೆ ಎದ್ದು ಕಾಣುತ್ತಿದ್ದರೆ ಕಪ್ಪು ಲೇಯರ್ ಮತ್ತೆ ತೆರೆದು ನೋಡಿ, ಅಂಚಿನ ಬೆಳಕು ಬಳಿಯುವಾಗ ಮುಖವನ್ನೂ ಸುಮ್ನೆ ಬೆಳಗಿಸಿಬಿಟ್ಟಿರುತ್ತೀರಿ.