ರಿಕ್ವೆಸ್ಟ್ ಕಳ್ಸೋಕೆ ಮುಂಚೆ ಕಾಮೆಂಟ್: ಮಾಚೇನಹಳ್ಳಿ ಫೌಂಡ್ರಿಗೆ ಕೊಯಮತ್ತೂರಿನ ಗಿರಾಕಿ ಪರಿಚಯ ಆಗಿದ್ದು ಹೆಂಗೆ

ನಮ್ದು ಶಿವಮೊಗ್ಗದ ಮಾಚೇನಹಳ್ಳಿ ಇಂಡಸ್ಟ್ರಿಯಲ್ ಏರಿಯಾದಲ್ಲಿ ಒಂದು ಸಣ್ಣ ಫೌಂಡ್ರಿ, ಪಕ್ಕದಲ್ಲೇ ಮಷಿನ್ ಶಾಪ್. ಗ್ರೇ ಐರನ್, ಎಸ್‌ಜಿ ಐರನ್ ಎರಡೂ ಮಾಡ್ತೀವಿ, ಪಂಪ್ ಕೇಸಿಂಗ್, ವಾಲ್ವ್ ಬಾಡಿ, ಬ್ರಾಕೆಟ್ ಇಂಥವು. ಒಳಗಿನ ಕೆಲ್ಸ ಎಲ್ಲಾ ಭಾವ ನೋಡ್ಕೋತಾರೆ, ಹೊರಗಿಂದ ಆರ್ಡರ್ ತರೋದು ನನ್ನ ಪಾಲು. ಲಿಂಕ್ಡ್‌ಇನ್‌ನಲ್ಲಿ ನಾನು ಹೆಂಗೆ ಗಿರಾಕಿ ಹತ್ರ ಹೋಗ್ತೀನಿ ಅಂತ ಇಬ್ಬರು ಮೂವರು ಕೇಳಿದ್ರು, ಅದಕ್ಕೇ ಒಂದೇ ಕೇಸ್ ತಗೊಂಡು ಪೂರ್ತಿ ಬರೀತಿದೀನಿ.

ಕಾಸ್ಟಿಂಗ್ ಕೊಳ್ಳೋ ಕಂಪನಿಲಿ ಹೊಸ ಸಪ್ಲೈಯರ್‌ನ ಒಳಗೆ ಬಿಡೋದು ಸಾಮಾನ್ಯವಾಗಿ ಸೋರ್ಸಿಂಗ್ ಹೆಡ್ ಅಥ್ವಾ ಸಪ್ಲೈಯರ್ ಡೆವಲಪ್‌ಮೆಂಟ್ ನೋಡ್ಕೊಳ್ಳೋರು. ಪರ್ಚೇಸ್‌ನೋರು ರೇಟ್ ಮಾತಾಡ್ತಾರೆ, ಕ್ವಾಲಿಟಿಯೋರು ಸ್ಯಾಂಪಲ್ ಪಾಸ್ ಮಾಡ್ತಾರೆ, ಆದ್ರೆ "ಇವ್ರನ್ನ ಒಂದ್ಸಲ ನೋಡೋಣ" ಅಂತ ಮೊದ್ಲು ಹೇಳೋದು ಈ ಮನುಷ್ಯ. ಅವ್ರ ಇನ್‌ಬಾಕ್ಸ್ ಹೆಂಗಿರತ್ತೆ ಅಂದ್ರೆ ರಾಜ್‌ಕೋಟ್, ಕೊಲ್ಹಾಪುರ, ಬೆಳಗಾವಿ, ಹೌರಾ, ಎಲ್ಲಾ ಕಡೆ ಫೌಂಡ್ರಿಯೋರ ರಿಕ್ವೆಸ್ಟ್ ಸಾಲಾಗಿ ನಿಂತಿರತ್ತೆ, ಎಲ್ಲಾದ್ರಲ್ಲೂ ಅದೇ "ನಾವು ಸಿಐ ಎಸ್‌ಜಿ ಕಾಸ್ಟಿಂಗ್ ತಯಾರಕರು" ಅನ್ನೋ ಸಾಲು. ಅದ್ರಲ್ಲಿ ನಂದೂ ಒಂದು ಸೇರಿಸಿ ಎಂತ ಮಾಡೋದು ಮಾರಾಯ್ರೆ. ಹಂಗೆ ಕಳ್ಸಿದ್ದು ಎಷ್ಟೋ ಜನ ತಗೊಳ್ಳದೇ ಹಂಗೇ ಉಳಿದ್ರೆ ಲಿಂಕ್ಡ್‌ಇನ್‌ನೋರೇ ನಮ್ಮ ಕೈ ಕಟ್ಟಿಹಾಕ್ತಾರೆ ಬೇರೆ. ಅದಕ್ಕೇ ಮೊದ್ಲು ನನ್ನ ಹೆಸ್ರು ಅವ್ರ ಕಣ್ಣಿಗೆ ಎರಡು ಮೂರು ಸಲ ಬಿದ್ದಿರ್ಬೇಕು, ಅದೂ ಕೆಲ್ಸದ ಮಾತಿನ ಜೊತೆ ಬಿದ್ದಿರ್ಬೇಕು ಅನ್ನೋದು ನನ್ನ ಲೆಕ್ಕ.

ಯಾರನ್ನ ಆರಿಸ್ಕೊಳ್ಳೋದು ಅನ್ನೋದ್ರಲ್ಲೇ ಅರ್ಧ ಕೆಲ್ಸ ಮುಗ್ದುಹೋಗತ್ತೆ. ಪ್ರೊಫೈಲ್‌ನಲ್ಲಿ ಆಕ್ಟಿವಿಟಿ ಅಂತ ಒಂದು ಭಾಗ ಇರತ್ತೆ, ಅಲ್ಲಿ ಪೋಸ್ಟ್ ಬೇರೆ, ಕಾಮೆಂಟ್ ಬೇರೆ ತೋರ್ಸತ್ತೆ, ಎರಡೂ ನೋಡ್ತೀನಿ. ಕಂಪನಿ ಪೇಜ್‌ನ ಪೋಸ್ಟ್‌ನೇ ಮತ್ತೆ ಮತ್ತೆ ಹಂಚೋರನ್ನ ಬಿಟ್ಬಿಡ್ತೀನಿ, ಅಲ್ಲಿ ಎಷ್ಟು ಚೆನ್ನಾಗಿ ಬರೆದ್ರೂ ಓದೋದು ಮಾರ್ಕೆಟಿಂಗ್ ಹುಡುಗ್ರು. ತಮ್ಮ ಕೆಲ್ಸದ ತಲೆಬಿಸಿ ತಾವೇ ಬರ್ಕೊಳ್ಳೋರು ಬೇಕು. ಇನ್ನೊಂದು ಜಾತಿ ಜನ ಇದಾರೆ, ತಾವು ಏನೂ ಪೋಸ್ಟ್ ಹಾಕಲ್ಲ ಆದ್ರೆ ಬೇರೆಯೋರ ಪೋಸ್ಟ್ ಕೆಳಗೆ ಉದ್ದುದ್ದ ಕಾಮೆಂಟ್ ಬರೀತಾರೆ, ಅಂಥೋರಿಗೆ ಅಲ್ಲೇ ಹೋಗಿ ರಿಪ್ಲೈ ಕೊಡೋದು ಇನ್ನೂ ಒಳ್ಳೇದು, ಯಾಕಂದ್ರೆ ಅಲ್ಲಿ ಗದ್ದಲ ಕಮ್ಮಿ, ನಾವಿಬ್ರೇ ಮಾತಾಡ್ದಂಗೆ ಇರತ್ತೆ. ಆರಿಸಿದ್ಮೇಲೆ ಕನೆಕ್ಟ್ ಒತ್ತಲ್ಲ, ಫಾಲೋ ಮಾಡಿ ಗಂಟೆ ಗುರುತು ಒತ್ತಿಟ್ಕೋತೀನಿ, ಅವ್ರು ಬರೆದ ತಕ್ಷಣ ನಂಗೆ ಗೊತ್ತಾಗತ್ತೆ. ಹಿಂಗೆ ಫಾಲೋ ಮಾಡೋರ ಪಟ್ಟಿ ಚಿಕ್ಕದಿದ್ರೇನೇ ಒಳ್ಳೇದು, ಕೈಬೆರಳಲ್ಲಿ ಎಣಿಸೋಷ್ಟಿದ್ರೆ ಓದಿ ಬರೆಯೋಕೆ ಆಗತ್ತೆ, ಜಾಸ್ತಿಯಾದ್ರೆ "ಸೂಪರ್ ಸರ್" ಬರೆಯೋ ಮಟ್ಟಕ್ಕೆ ಇಳೀತೀವಿ.

ಆಮೇಲೆ ನಮ್ಮ ಹೆಡ್‌ಲೈನ್. ಕಾಮೆಂಟ್ ಹಾಕ್ದಾಗ ಹೆಸ್ರಿನ ಕೆಳಗೆ ಹೆಡ್‌ಲೈನ್‌ನ ಮೊದಲ ಒಂದಿಷ್ಟು ಅಕ್ಷರ ಮಾತ್ರ ಕಾಣತ್ತೆ, ಮೊಬೈಲ್‌ನಲ್ಲಂತೂ ಬಹಳ ಬೇಗ ಕಟ್ ಆಗತ್ತೆ. ಅಲ್ಲಿ "ಡೈರೆಕ್ಟರ್, ಕನಸುಗಾರ" ಅಂತ ಇದ್ರೆ ಜಾಗ ದಂಡ. ನಾನು "ಎಸ್‌ಜಿ, ಗ್ರೇ ಐರನ್ ಕಾಸ್ಟಿಂಗ್, ಮಷಿನಿಂಗ್ ಸಮೇತ, ಶಿವಮೊಗ್ಗ" ಅನ್ನೋದನ್ನ ಮುಂದಕ್ಕೆ ತಂದೆ. ಇದ್ರಿಂದ ಏನು ಅನುಕೂಲ ಅಂದ್ರೆ ಕಾಮೆಂಟ್ ಒಳಗೆ ನಾವು ಯಾರು ಅಂತ ಹೇಳೋ ಅಗತ್ಯನೇ ಬೀಳಲ್ಲ.

ಈಗ ಕೇಸಿಗೆ ಬರ್ತೀನಿ. ಕೊಯಮತ್ತೂರಿನ ಒಂದು ಪಂಪ್ ಕಂಪನಿ ಸೋರ್ಸಿಂಗ್ ಹೆಡ್, ಹೆಸ್ರು ಬೇಡ. ಅವ್ರು ಮಳೆಗಾಲದಲ್ಲಿ ಒಂದು ಪೋಸ್ಟ್ ಹಾಕಿದ್ರು, ಕೇಸಿಂಗ್‌ಗಳು ಮಷಿನಿಂಗ್ ಆದ್ಮೇಲೆ ತೂತು ಕಾಣಿಸ್ಕೊಂಡು ರಿಜೆಕ್ಟ್ ಆಗ್ತಿದಾವೆ, ಸಪ್ಲೈಯರ್ ಕೇಳಿದ್ರೆ ಮಳೆ ಅಂತಾರೆ, ಮಳೆನೂ ಒಂದು ಕಾರಣನಾ ಅಂತ. ಕೆಳಗೆ "ನಿಜ ಸರ್", "ಒಳ್ಳೇ ವಿಚಾರ ಸರ್" ಅಂತ ಸಾಲು ಸಾಲು, ಮಧ್ಯೆ ಇಬ್ರು ಫೌಂಡ್ರಿಯೋರು "ನಮಗೆ ಒಂದು ಅವಕಾಶ ಕೊಡಿ, ಝೀರೋ ರಿಜೆಕ್ಷನ್" ಅಂತ ಫೋನ್ ನಂಬರ್ ಬೇರೆ ಹಾಕಿದ್ರು.

ಮಳೆ ಬಗ್ಗೆ ಮಲ್ನಾಡಿನೋರಿಗೆ ಯಾರೂ ಹೇಳ್ಕೊಡ್ಬೇಕಾಗಿಲ್ಲ. ಶಿವಮೊಗ್ಗ ಊರಲ್ಲಿ ಆಗುಂಬೆಯಷ್ಟು ಸುರಿಯಲ್ಲ ನಿಜ, ಆದ್ರೂ ಜೂನ್‌ನಿಂದ ಸೆಪ್ಟೆಂಬರ್ ತನಕ ಗಾಳಿಲೇ ನೀರಿರತ್ತೆ, ಕಾಸ್ಟಿಂಗ್ ಒಳಗೆ ಟೊಳ್ಳು ಬರ್ಲಿ ಅಂತ ಅಚ್ಚಲ್ಲಿ ಕೂರ್ಸೋ ಮರಳಿನ ಕೋರ್ ಅದನ್ನ ಹೀರ್ಕೊಳ್ಳತ್ತೆ, ಅದ್ರಲ್ಲೂ ಸಿಓಟು ಗ್ಯಾಸ್ ಬಿಟ್ಟು ಗಟ್ಟಿ ಮಾಡೋ ಕೋರ್ ಅಂತೂ ಜಾಸ್ತಿ. ಕಬ್ಬಿಣ ಹೊಯ್ದಾಗ ಆ ತೇವ ಗ್ಯಾಸ್ ಆಗಿ ಒಳಗೇ ಸಿಕ್ಕಿಹಾಕ್ಕೊಳ್ಳತ್ತೆ. ನಮ್ಮಲ್ಲಿ ಮಳೆಗಾಲದಲ್ಲಿ ಕೋರ್‌ನ ಓವನ್‌ನಲ್ಲಿ ಬಿಸಿ ಮಾಡೇ ಕೂರ್ಸೋದು, ಅಚ್ಚಿನ ಬಾಕ್ಸ್ ಮುಚ್ಚಿ ರಾತ್ರಿಯೆಲ್ಲಾ ಬಿಡೋದಿಲ್ಲ. ಆದ್ರೆ ಎಲ್ಲಾ ತೂತೂ ಮಳೆದಲ್ಲ. ಕಬ್ಬಿಣ ಗಟ್ಟಿಯಾಗ್ತಾ ಕುಗ್ಗತ್ತೆ, ದಪ್ಪ ಇರೋ ಜಾಗ ಕೊನೆಗೆ ಗಟ್ಟಿಯಾಗೋದು, ಅಲ್ಲಿಗೆ ರೈಸರ್‌ನಿಂದ, ಅಂದ್ರೆ ಕುಗ್ಗಿದ್ದು ತುಂಬೋಕೆ ಅಚ್ಚಲ್ಲಿ ಕರಗಿದ ಲೋಹ ಜಾಸ್ತಿ ಇಟ್ಟಿರೋ ಜಾಗದಿಂದ, ಲೋಹ ಸರಿಯಾಗಿ ಬಂದಿಲ್ಲ ಅಂದ್ರೆ ಅಲ್ಲೂ ಪೊಳ್ಳು ಬೀಳತ್ತೆ, ಅದಕ್ಕೆ ಬೇಸಿಗೆ ಮಳೆಗಾಲ ಏನೂ ಇಲ್ಲ.

ನಾನು ಇಂಗ್ಲಿಷ್‌ನಲ್ಲಿ ನಾಕೈದು ಸಾಲು ಬರೆದೆ, ಅದ್ರ ಸಾರ ಇಷ್ಟು: "ನಮ್ದೂ ಮಳೆ ಊರೇ, ಮಳೆ ಒಂದು ಕಾರಣ ಹೌದು, ಆದ್ರೆ ತೂತಿನ ಒಳಗೋಡೆ ನೋಡಿ. ನುಣ್ಣಗೆ ಇದ್ದು ಕೋರ್ ಹತ್ರ ಅಥ್ವಾ ಮೇಲ್ಭಾಗದಲ್ಲಿದ್ರೆ ಗ್ಯಾಸ್, ಅಂದ್ರೆ ಮಳೆ ಮಾತು ಒಪ್ಪಬಹುದು. ಒರಟೊರಟಾಗಿ ದಪ್ಪ ಭಾಗ ಸೇರೋ ಕಡೆ ಇದ್ರೆ ಅದು ಶ್ರಿಂಕೇಜ್, ರೈಸರ್ ಕಡೆ ನೋಡ್ಬೇಕು. ನಿಮ್ಮಲ್ಲಿ ಯಾವ ಜಾಗದಲ್ಲಿ ಬರ್ತಿದೆ?" ಅಷ್ಟೇ. ನಮ್ಮ ಕಂಪನಿ ಹೆಸ್ರಿಲ್ಲ, ಲಿಂಕ್ ಇಲ್ಲ, ನಂಬರ್ ಇಲ್ಲ. ಪೋಸ್ಟ್ ಬಂದು ಸ್ವಲ್ಪ ಹೊತ್ತಿಗೇ ಹಾಕಿದ್ದೆ, ಅದು ಮುಖ್ಯ, ಯಾಕಂದ್ರೆ ಬರೆದೋರು ಆಗ ಅಲ್ಲೇ ಕೂತು ರಿಪ್ಲೈ ಮಾಡ್ತಿರ್ತಾರೆ, ನಾಕು ದಿನ ಆದ್ಮೇಲೆ ಹೋದ್ರೆ ಖಾಲಿ ಮನೆಗೆ ಹೋಗಿ ಮಾತಾಡ್ದಂಗೆ.

ಕೊನೇ ಪ್ರಶ್ನೆ ಸುಮ್ನೆ ಮಾತು ಬೆಳೆಸೋಕೆ ಕೇಳಿದ್ದಲ್ಲ, ಅದಕ್ಕೆ ಉತ್ತರ ಗೊತ್ತಿಲ್ದೆ ಮುಂದೆ ಹೇಳೋಕೇ ಆಗಲ್ಲ. ಓದೋರಿಗೆ ಈ ವ್ಯತ್ಯಾಸ ತಕ್ಷಣ ಗೊತ್ತಾಗತ್ತೆ. "ನಿಮ್ಮ ಅಭಿಪ್ರಾಯ ಏನು ಸರ್?" ಅಂತ ಬಾಲ ಅಂಟಿಸೋರಿಗೆ ಯಾರೂ ಉತ್ತರ ಕೊಡಲ್ಲ.

ಅವ್ರು ರಿಪ್ಲೈ ಮಾಡಿದ್ರು, ಫ್ಲೇಂಜ್ ಬಾಡಿಗೆ ಸೇರೋ ಕಡೆ, ಒರಟಾಗೇ ಇದೆ ಅಂತ. ನಾನು ಹೇಳ್ದೆ, ಹಂಗಾದ್ರೆ ಒಂದು ರಿಜೆಕ್ಟ್ ಪೀಸ್ ಅದೇ ಜಾಗದಲ್ಲಿ ಕಟ್ ಮಾಡಿಸಿ ನೋಡಿ, ಆಮೇಲೆ ಬೇಸಿಗೆ ತಿಂಗಳ ರಿಜೆಕ್ಷನ್ ಲೆಕ್ಕನೂ ಜಾಗದ ಪ್ರಕಾರ ಬೇರೆ ಮಾಡಿ, ಅದೇ ಜಾಗದ್ದು ಆಗ್ಲೂ ಇದ್ರೆ ಮಳೆ ಪಾಪ ನಿರಪರಾಧಿ. ಇದನ್ನ ನೋಡಿ ಭಾವಂಗೆ ಸಿಟ್ಟು.

"ಅಲ್ಲ ಮಾರಾಯ, ಅವ್ರ ಸಪ್ಲೈಯರ್‌ಗೆ ನೀನು ಪುಕ್ಸಟ್ಟೆ ಪಾಠ ಹೇಳ್ತಿದೀಯಲ್ಲ, ಅವ್ನು ಸರಿ ಮಾಡ್ಕೊಂಡ್ರೆ ನಮಗೆ ಎಂತ ಸಿಗತ್ತೆ?"

"ಭಾವ, ಅವ್ನ ಜಾಗ ನಮಗೆ ಸಿಗಲ್ಲ ಬಿಡಿ, ಅಚ್ಚು ತೆಗೆಯೋ ಪ್ಯಾಟ್ರನ್ ಎಲ್ಲಾ ಅಲ್ಲೇ ಇದೆ. ಎರಡನೇ ಸಪ್ಲೈಯರ್ ಜಾಗ ಖಾಲಿ ಇದ್ರೆ ನಮ್ಮ ನೆನಪಾಗ್ಲಿ ಸಾಕು."

ಈಗ್ಲೂ ನನ್ನ ಅಭಿಪ್ರಾಯ ಅದೇ. ಮುಖ್ಯವಾದ ಕಾಸ್ಟಿಂಗ್‌ಗೆ ಒಬ್ರನ್ನೇ ನಂಬ್ಕೊಂಡು ಕೂರೋಕೆ ಯಾವ ಸೋರ್ಸಿಂಗ್‌ನೋರಿಗೂ ಇಷ್ಟ ಇರಲ್ಲ. ಇನ್ನೊಂದು ವಿಷ್ಯ, ಆ ಕಾಮೆಂಟ್ ಅವ್ರ ಈಗಿನ ಸಪ್ಲೈಯರ್ ಕೂಡ ಓದ್ತಿರ್ತಾರೆ, ಅವ್ರ ಕ್ವಾಲಿಟಿಯೋರು, ಅವ್ರ ಮೇಲಿನ ಬಾಸ್ ಎಲ್ಲಾ ಓದ್ತಿರ್ತಾರೆ. ಅದಕ್ಕೆ ನಾನು ತೂತಿನ ಬಗ್ಗೆ ಮಾತ್ರ ಮಾತಾಡ್ತೀನಿ, ತೂತು ಮಾಡ್ದೋನ ಬಗ್ಗೆ ಅಲ್ಲ. ಎಲ್ರ ಮುಂದೆ "ನಿಮ್ಮ ಸಪ್ಲೈಯರ್‌ಗೆ ಕೆಲ್ಸ ಬರಲ್ಲ" ಅಂದ್ರೆ ಅವ್ನನ್ನ ಆರಿಸಿದ್ದು ಇವ್ರೇ ಅಲ್ವಾ, ಇವ್ರಿಗೇ ಅಂದಂಗಾಯ್ತು. ಪೋಸ್ಟ್‌ನಲ್ಲಿ ಅವ್ರದ್ದೇ ಏನಾದ್ರೂ ತಪ್ಪು ಕಂಡ್ರೂ ನಾನು ಅಲ್ಲಿ ತಿದ್ದಲ್ಲ, ಬಿಟ್ಟು ಬೇರೆ ಪೋಸ್ಟ್ ಕಾಯ್ತೀನಿ.

ರಿಕ್ವೆಸ್ಟ್ ಯಾವಾಗ ಕಳ್ಸೋದು? ಲೈಕ್ ಬಿದ್ರೆ ನಾನು ಲೆಕ್ಕಕ್ಕೇ ತಗೊಳ್ಳಲ್ಲ, ಎಲ್ರಿಗೂ ಸಾಲಾಗಿ ಲೈಕ್ ಒತ್ತೋರು ಇದಾರೆ. "ಥ್ಯಾಂಕ್ಯೂ" ಅಂದ್ರೂ ಇಲ್ಲ. ಅವ್ರೇ ತಿರುಗಿ ಏನಾದ್ರೂ ಕೇಳ್ಬೇಕು, ಅಥ್ವಾ ನಾನು ಹೇಳಿದ್ದನ್ನ ಮಾಡಿ ನೋಡಿ ಬಂದು ಹೇಳ್ಬೇಕು, ಅಥ್ವಾ ನನ್ನ ಪ್ರೊಫೈಲ್ ನೋಡಿರ್ಬೇಕು. ಇವ್ರು ಕೆಲವು ದಿನ ಬಿಟ್ಟು ಅದೇ ಜಾಗಕ್ಕೆ ಬಂದು ಕಟ್ ಮಾಡಿಸಿದ್ವಿ, ಶ್ರಿಂಕೇಜೇ, ಬೇಸಿಗೆಲೂ ಇತ್ತು ಅಂತ ಬರೆದ್ರು. ನಾನು ಆಗ್ಲೂ ಕಳ್ಸಲಿಲ್ಲ, ಯಾಕಂದ್ರೆ ಒಂದೇ ಪೋಸ್ಟ್‌ನ ಪರಿಚಯ ಒಂದೇ ವಿಷ್ಯದ್ದು. ಆಮೇಲೆ ಅವ್ರು ಪ್ಯಾಟ್ರನ್ ಖರ್ಚು ಯಾರು ಹೊರ್ಬೇಕು ಅಂತ ಇನ್ನೊಂದು ಬರೆದಾಗ ಅಲ್ಲೂ ಎರಡು ಮಾತಾಯ್ತು, ನನ್ನ ಹೆಸ್ರು ಹಿಡಿದೇ ಕರೆದು ಕೇಳಿದ್ರು. ಮಾರನೇ ದಿನ ಕಳ್ಸಿದೆ.

ನೋಟ್ ವಿಷ್ಯದಲ್ಲಿ ಒಂದು ಗೊತ್ತಿರ್ಲಿ, ದುಡ್ಡು ಕಟ್ಟದ ಅಕೌಂಟ್‌ಗೆ ತಿಂಗಳಿಗೆ ಕೆಲವೇ ನೋಟ್ ಬಿಡ್ತಾರೆ, ಅದೂ ಚಿಕ್ಕದು. ಹಂಗಾಗಿ ಅದನ್ನ ಇಂಥೋರಿಗೇ ಉಳಿಸ್ಕೋಬೇಕು. ನಾನು ಬರೆದಿದ್ದು ಇಷ್ಟೇ, ಫ್ಲೇಂಜ್ ಶ್ರಿಂಕೇಜ್ ಮಾತು ಇಷ್ಟ ಆಯ್ತು, ರೈಸರ್ ಬದಲಾಯಿಸಿದ್ಮೇಲೆ ಏನಾಯ್ತು ಅಂತ ತಿಳ್ಕೊಳ್ಳೋ ಆಸೆ, ಕನೆಕ್ಟ್ ಆಗೋಣ. ನೋಟ್ ಖರ್ಚಾಗೋಗಿದ್ರೆ ಖಾಲಿ ರಿಕ್ವೆಸ್ಟೇ ಕಳ್ಸಿ, ಮಾತು ಬಿಸಿ ಇರೋವಾಗ ಹೆಸ್ರು ನೆನಪಿರತ್ತೆ. ಕೆಲವರ ಪ್ರೊಫೈಲ್‌ನಲ್ಲಿ ಫಾಲೋ ಮಾತ್ರ ಎದ್ದು ಕಾಣತ್ತೆ, ಕನೆಕ್ಟ್ ಪಕ್ಕದ ಮೆನು ಒಳಗಿರತ್ತೆ. ಅವಸರ ಮಾಡಿ ಕಳ್ಸಿ ವಾಪಸ್ ತಗೊಂಡ್ರೆ ಅದೇ ವ್ಯಕ್ತಿಗೆ ಮತ್ತೆ ಕಳ್ಸೋಕೆ ಮೂರು ವಾರದ ತನಕ ಬಿಡಲ್ಲ.

ಒಪ್ಕೊಂಡ್ರು. ನಾನು ಕ್ಯಾಟಲಾಗ್ ಕಳ್ಸಲಿಲ್ಲ, ರೈಸರ್ ವಿಷ್ಯನೇ ಕೇಳ್ದೆ, ಮಾತು ಅಲ್ಲಿಂದ ನಮ್ಮ ಫರ್ನೇಸ್ ಎಷ್ಟು ದೊಡ್ಡದು, ಎಷ್ಟು ಕೆಜಿ ತನಕ ಮಾಡ್ತೀರ, ಪ್ರೆಶರ್ ಟೆಸ್ಟ್ ನಿಮ್ಮಲ್ಲೇ ಇದ್ಯಾ ಅಂತ ಅವ್ರ ಕಡೆಯಿಂದ್ಲೇ ಬಂತು. ಆಮೇಲೆ ಒಂದು ವಾಲ್ವ್ ಬಾಡಿ ಡ್ರಾಯಿಂಗ್ ಬಂತು, ಸ್ಯಾಂಪಲ್ ಹೋಯ್ತು, ಅಳತೆ, ಟೆಸ್ಟ್ ರಿಪೋರ್ಟ್ ಅಂತ ಅದು ಬೇರೆನೇ ಉದ್ದದ ಕಥೆ, ಈಗ ಸಣ್ಣ ಲಾಟ್ ನಡೀತಿದೆ.

ಎಲ್ಲಾ ಕಡೆ ಇದು ನಡಿಯಲ್ಲ. ಮ್ಯಾನ್‌ಹೋಲ್ ಕವರ್ ತರದ್ದು ಟೆಂಡರ್‌ನಲ್ಲಿ ಕೆಜಿ ರೇಟ್ ಮೇಲೆ ಹೋಗತ್ತೆ, ಅಲ್ಲಿ ಕಾಮೆಂಟ್ ಬರೆದು ಕೂರೋದು ಟೈಮ್ ವೇಸ್ಟ್. ಇನ್ನು ಕೆಲವು ದೊಡ್ಡೋರ ಅಕೌಂಟ್‌ನ ಏಜೆನ್ಸಿಯೋರು ನಡೆಸ್ತಾರೆ. ಪತ್ತೆ ಹಚ್ಚೋಕೆ ನಾನು ಪೋಸ್ಟ್‌ನಲ್ಲಿ ಇಲ್ಲದ, ಆ ಕೆಲ್ಸ ಮಾಡೋರಿಗೆ ಮಾತ್ರ ಗೊತ್ತಿರೋ ಒಂದು ಪ್ರಶ್ನೆ ಕೇಳ್ತೀನಿ, ಎಸ್‌ಜಿಲಿ ಯಾವ ಗ್ರೇಡ್, ಗೋಡೆ ದಪ್ಪ ಎಷ್ಟು ಅಂತ. "ಬಹಳ ಒಳ್ಳೇ ಪ್ರಶ್ನೆ, ಧನ್ಯವಾದ" ಅಂತ ಮಾತ್ರ ಬಂದ್ರೆ ಗಂಟೆ ಗುರುತು ಆಫ್ ಮಾಡಿ ಮುಂದಿನೋರ ಹತ್ರ ಹೋಗ್ತೀನಿ.