ಒಂದು ಕ್ಯಾರಟ್ ಬಿಟ್ಟು ತೊಂಬತ್ತು ಸೆಂಟ್ ಮಾರಿದ್ದು: ನನ್ನ ಅನುಭವ

ನಮ್ಮ ಶಿವಮೊಗ್ಗದ ಗಾಂಧಿ ಬಜಾರ್ ಕಡೆ ವಜ್ರ ಕೇಳಿಕೊಂಡು ಬರುವವರ ಮೊದಲ ಪ್ರಶ್ನೆ "ಎಷ್ಟು ಸೆಂಟ್?" ಅಂತ. ನೂರು ಸೆಂಟ್ ಅಂದರೆ ಒಂದು ಕ್ಯಾರಟ್. ಎರಡನೇದು "ಬೆಲ್ಜಿಯಂ ಕಟಿಂಗಾ?" ಅಂತ. ಮೂರನೇ ಪ್ರಶ್ನೆ ಇರಲ್ಲ. ಕೋನ, ಟೇಬಲ್, ಡೆಪ್ತ್ ಅಂತ ನಾನು ಶುರು ಮಾಡಿದರೆ ಅಕ್ಕಪಕ್ಕದ ಅಂಗಡಿಯವರೇ ನಗುತ್ತಿದ್ದರು. "ಅಡಿಕೆ ದುಡ್ಡು ತಂದವರಿಗೆ ಡಿಗ್ರಿ ಲೆಕ್ಕ ಹೇಳ್ತೀಯಲ್ಲ ಮಾರಾಯ, ತೂಕ ತೋರಿಸು, ಬಿಲ್ ಮಾಡು" ಅನ್ನುತ್ತಿದ್ದರು. ಈಗ ಅವರಲ್ಲಿ ಇಬ್ಬರು ಕಲ್ಲು ತರಿಸುವ ಮುಂಚೆ ಅದರ ಲ್ಯಾಬ್ ರಿಪೋರ್ಟಿನ ಫೋಟೋ ನನಗೆ ಕಳಿಸುತ್ತಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ತೀರ್ಥಹಳ್ಳಿ ಕಡೆಯ ಒಬ್ಬ ತೋಟದವರು ಮಗಳ ನಿಶ್ಚಿತಾರ್ಥಕ್ಕೆ ಒಂಟಿ ಕಲ್ಲಿನ ಉಂಗುರ ಕೇಳಿದ್ದರು. ಒಂದು ಕ್ಯಾರಟ್‌ಗೆ ಒಂದು ಸೆಂಟೂ ಕಡಿಮೆ ಆಗಬಾರದು ಅಂತ ಹುಡುಗಿಯ ಸೋದರಮಾವನ ಹಟ. ಸೂರತ್ತಿನಿಂದ ಎರಡು ಕಲ್ಲು ತರಿಸಿದೆ. ಎರಡೂ ಜಿ ಕಲರ್, ಎರಡರ ಸ್ವಚ್ಛತೆಯ ದರ್ಜೆಯೂ ವಿಎಸ್ ಟು, ಎರಡೂ ರೌಂಡ್. ಒಂದು 1.01 ಕ್ಯಾರಟ್, ರಿಪೋರ್ಟಿನಲ್ಲಿ ಕಟ್ 'ಗುಡ್'. ಇನ್ನೊಂದು 0.90, ಕಟ್ 'ಎಕ್ಸಲೆಂಟ್'. ನನಗೆ ನೆನಪಿದ್ದಂತೆ ಮೊದಲನೆಯದು ಮೂರೂವರೆ ಲಕ್ಷದ ಹತ್ತಿರ, ಎರಡನೆಯದು ಮೂರು ಲಕ್ಷ ಹತ್ತು ಸಾವಿರ.

ಮೊದಲು ಗೇಜ್ ಹಿಡಿದು ಅಗಲ ನೋಡಿದೆ. ಎರಡೂ 6.20 ಮಿಲಿಮೀಟರ್! ಹನ್ನೊಂದು ಸೆಂಟ್ ಜಾಸ್ತಿ ಇರುವ ಕಲ್ಲು ಮೇಲಿನಿಂದ ಒಂದು ಕೂದಲೆಳೆಯಷ್ಟೂ ದೊಡ್ಡದಿಲ್ಲ. ಹಾಗಾದರೆ ಆ ಹನ್ನೊಂದು ಸೆಂಟ್ ಎಲ್ಲಿದೆ? ಹೊಟ್ಟೆಯಲ್ಲಿ ಮತ್ತು ನಡುಪಟ್ಟಿಯಲ್ಲಿ, ಅಂದರೆ ಗರ್ಡಲ್‌ನಲ್ಲಿ. 1.01ರ ಒಟ್ಟು ಎತ್ತರ 4.10 ಮಿಲಿ, ಅಂದರೆ ಡೆಪ್ತ್ ಅಗಲದ ಸುಮಾರು 66 ಪರ್ಸೆಂಟ್. ಗರ್ಡಲ್ ಒಂದೇ ಐದು ಪರ್ಸೆಂಟ್ ನುಂಗಿತ್ತು. ಇನ್ನೊಂದರ ಡೆಪ್ತ್ 61.5. ನಾವೆಲ್ಲ ಬಳಸುವ ಅಂದಾಜು ಸೂತ್ರ ಇದೆಯಲ್ಲ, ಅಗಲ ಗುಣಿಸು ಅಗಲ ಗುಣಿಸು ಎತ್ತರ ಗುಣಿಸು 0.0061. ಅದಕ್ಕೆ ಈ ಅಳತೆ ಹಾಕಿದರೆ 0.96 ಬರುತ್ತೆ. ಮಿಕ್ಕ ಐದು ಸೆಂಟ್ ದಪ್ಪ ಗರ್ಡಲ್‌ನದು. ಕಲ್ಲು ಹಿಡಿಯುವ ಪ್ರಾಂಗ್ ಕೂತ ಮೇಲೆ ಆ ಗರ್ಡಲ್ ಯಾರ ಕಣ್ಣಿಗೂ ಬೀಳಲ್ಲ, ಅದಕ್ಕೂ ವಜ್ರದ ರೇಟೇ.

ಕಟಿಂಗ್ ಮಾಡಿದವನನ್ನು ನಾನು ಬೈಯಲ್ಲ. ಕಚ್ಚಾ ಕಲ್ಲಿನಿಂದ 0.95 ಬರುವ ಕಡೆ ಹೊಟ್ಟೆ ಸ್ವಲ್ಪ ಬಿಟ್ಟು 1.01 ಮಾಡಿದರೆ ಬೆಲೆ ಪಟ್ಟಿಯಲ್ಲಿ ಮೇಲಿನ ಮೆಟ್ಟಿಲು ಸಿಗುತ್ತೆ. ಒಂದು ಕ್ಯಾರಟ್‌ನಲ್ಲಿ ಒಂದು ಮೆಟ್ಟಿಲು, ತೊಂಬತ್ತು ಸೆಂಟ್‌ನಲ್ಲಿ ಇನ್ನೊಂದು. ಅದಕ್ಕೇ 1.00ರಿಂದ 1.03ರ ಒಳಗಿನ ಕಲ್ಲು ಬಂದರೆ ನಾನು ಮೊದಲು ಅಗಲ ಅಳೆಯುತ್ತೇನೆ, ಆಮೇಲೆ ಮಾತು. ಸರಿಯಾದ ಒಂದು ಕ್ಯಾರಟ್ ರೌಂಡ್ ಕಲ್ಲು 6.4ರ ಮೇಲೆ ಇರಬೇಕು. 6.2 ಬಂದರೆ ತೂಕ ತಳಕ್ಕೆ ಇಳಿದಿದೆ ಅಂತಲೇ.

ಅಗಲ ಒಂದು ಕಥೆ, ಹೊಳಪು ಇನ್ನೊಂದು. 1.01ರ ಕ್ರೌನ್, ಅಂದರೆ ನಡುಪಟ್ಟಿಯ ಮೇಲಿನ ಇಳಿಜಾರು, 36.5 ಡಿಗ್ರಿ. ಪೆವಿಲಿಯನ್, ಅಂದರೆ ಕೆಳಗಿನ ಹೊಟ್ಟೆಯ ಇಳಿಜಾರು, 42. ಎರಡೂ ಕಡಿದು. 0.90ರದ್ದು ಕ್ರೌನ್ 34.5, ಪೆವಿಲಿಯನ್ 40.8, ಟೇಬಲ್ ಅಂದರೆ ಮೇಲಿನ ಚಪ್ಪಟೆ ಮುಖ ಅಗಲದ 57 ಪರ್ಸೆಂಟ್. 1919ರಲ್ಲಿ ಎಂಜಿನಿಯರ್ ಟೋಲ್ಕೋವ್‌ಸ್ಕಿ ಲೆಕ್ಕ ಹಾಕಿ ಹೇಳಿದ ಕೋನಗಳಿಗೆ ಇದು ಹತ್ತಿರ. ಅವರ ಟೇಬಲ್ 53 ಇತ್ತು, ಈಗಿನವರು ಸ್ವಲ್ಪ ಅಗಲ ಇಡುತ್ತಾರೆ, ಅಷ್ಟೇ. ಮೇಲೂ ಕಡಿದು ಕೆಳಗೂ ಕಡಿದು ಆದರೆ ಟೇಬಲ್ಲಿನ ಅಂಚಿನ ಸುತ್ತ ಒಳಗೆ ಹೋದ ಬೆಳಕು ಹೊಟ್ಟೆಯ ಎದುರು ಬದಿಯ ಮುಖಕ್ಕೆ, ಲಂಬದಿಂದ ಅಳೆದರೆ 24 ಡಿಗ್ರಿ ಚಿಲ್ಲರೆಗಿಂತ ಕಡಿಮೆ ಕೋನದಲ್ಲಿ ಬಡಿಯುತ್ತೆ. ವಾಪಸ್ ಬರಲ್ಲ, ಹಿಂದಿನಿಂದ ಸೋರಿ ಹೋಗುತ್ತೆ. ಕಣ್ಣಿಗೆ ಟೇಬಲ್ ಸುತ್ತ ಒಂದು ಮಂಕು ಬಳೆ ಕಾಣುತ್ತೆ.

ಆದರೆ ಈ ಬಳೆ ಅಂಗಡಿಯಲ್ಲಿ ಕಾಣಲ್ಲ. ನಮ್ಮ ಶೋಕೇಸಿನ ಸ್ಪಾಟ್‌ಲೈಟಿನ ಕೆಳಗೆ ಎಂಥ ಕಲ್ಲೂ ಕಿಡಿ ಹಾರಿಸುತ್ತೆ. ಬೆಳಕು ಸೋರುವುದನ್ನು ಕಣ್ಣಿಗೆ ತೋರಿಸಬೇಕಾದರೆ ಕೆಂಪು ಕೊಳವೆ ಬೇಕು. ಕೊಂಡುಕೊಳ್ಳಲು ಸಿಗುತ್ತೆ, ಆದರೆ ನನಗೆ ಮನೆಯಲ್ಲೇ ಮಾಡುವ ಚಟ. ಮೊದಲು ಕೆಂಪು ಕಾರ್ಡ್‌ಶೀಟ್ ಸುತ್ತಿ ನೋಡಿದೆ. ಒಳಗೆ ಕತ್ತಲೆ, ಕಲ್ಲು ಕಂದು ಬಣ್ಣಕ್ಕೆ ಕಂಡಿತು. ಒಡವೆ ಡಬ್ಬಿಯ ಒಳಗಿನ ವೆಲ್ವೆಟ್ ಹಾಕಿದೆ, ಅದು ಬೆಳಕನ್ನೆಲ್ಲ ಕುಡಿದುಬಿಟ್ಟಿತು. ಕೊನೆಗೆ ಕೆಲಸಕ್ಕೆ ಬಂದಿದ್ದು ಕುಂಕುಮದ ಕೆಂಪು ಪ್ಲಾಸ್ಟಿಕ್ ಡಬ್ಬಿ. ಹತ್ತೋ ಹದಿನೈದೋ ರೂಪಾಯಿ. ತಳ ಕೊಯ್ದು, ಮುಚ್ಚಳಕ್ಕೆ ಸಣ್ಣ ತೂತು ಮಾಡಿ, ಮೇಲೆ 10 ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ ಕೂರಿಸಿದೆ. ಆ ಪ್ಲಾಸ್ಟಿಕ್ ಹೊರಗಿನ ಬೆಳಕನ್ನೂ ಒಳಗೆ ಬಿಡುತ್ತೆ, ಅದೇ ಅನುಕೂಲ. ಕಲ್ಲನ್ನು ಮುಖ ಮೇಲೆ ಮಾಡಿ ಹಾಲುಬಣ್ಣದ ಪ್ಲಾಸ್ಟಿಕ್ ಹಾಳೆಯ ಮೇಲಿಟ್ಟು, ಕೆಳಗಿನಿಂದ ಮೊಬೈಲ್ ಟಾರ್ಚ್ ಹಿಡಿಯಬೇಕು. ಕೆಂಪು ಕಂಡ ಕಡೆ ಬೆಳಕು ಕಣ್ಣಿಗೆ ವಾಪಸ್ ಬರುತ್ತಿದೆ. ಬಿಳಿ ಕಂಡ ಕಡೆ ಸೋರುತ್ತಿದೆ. ಕಪ್ಪು ಕಂಡರೆ ಅದು ನೋಡುವವನ ತಲೆಯ ನೆರಳು, ಹದವಾಗಿ ಇದ್ದರೆ ಒಳ್ಳೆಯದೇ. ಡಬ್ಬಿಗೂ ಕಲ್ಲಿಗೂ ನಡುವೆ ಎಷ್ಟು ಅಂತರ ಬಿಡಬೇಕು ಅನ್ನುವುದನ್ನು ಇಲ್ಲಿ ಹೇಳಲ್ಲ. ನೀವೂ ಸ್ವಲ್ಪ ಒದ್ದಾಡಿ.

0.90ರ ಕಲ್ಲು ಪೂರ್ತಿ ಕೆಂಪು, ಮಧ್ಯೆ ಕಪ್ಪು ನಕ್ಷತ್ರ. 1.01ರದ್ದರಲ್ಲಿ ಟೇಬಲ್ ಸುತ್ತ ಬಿಳಿ ಬಳೆ, ಸೀಮೆಸುಣ್ಣದಲ್ಲಿ ಬರೆದ ಹಾಗೆ.

ಇಷ್ಟಾದರೂ ಸೋದರಮಾವ ಒಪ್ಪಲಿಲ್ಲ. "ಡಬ್ಬಿಯಲ್ಲಿ ಏನೋ ಮಾಡಿದ್ದೀರಿ" ಅಂದರು. ಸರಿ, ನಿಮ್ಮ ಮನೆಯಲ್ಲೇ ನೋಡೋಣ ಅಂತ ಎರಡನ್ನೂ ಪುಡಿಕೆಯಲ್ಲಿಟ್ಟುಕೊಂಡು ಹೋದೆ. ಆಷಾಢದ ಮಳೆ, ಕರೆಂಟ್ ಇಲ್ಲ. ನನಗೆ ಬೇಕಾಗಿದ್ದೂ ಅದೇ! ಜಗಲಿಯಲ್ಲಿ ಕೂತು ಬಿಳಿ ಕಾಗದ ಮಡಚಿ ಆ ಮಡಿಕೆಯಲ್ಲಿ ಎರಡು ಕಲ್ಲನ್ನೂ ಪಕ್ಕಪಕ್ಕ ನಿಲ್ಲಿಸಿದೆ. ಯಾವುದು ಯಾವುದು ಅಂತ ಹೇಳಲಿಲ್ಲ. ಮೋಡದ ಬೆಳಕಲ್ಲಿ ಕಿಡಿ ಹಾರಲ್ಲ, ಅಲ್ವಾ? ಅಲ್ಲಿ ಉಳಿಯುವುದು ಕಲ್ಲು ವಾಪಸ್ ಕೊಡುವ ಬೆಳ್ಳಗಿನ ಬೆಳಕು ಮಾತ್ರ. ಹುಡುಗಿಯ ಅಜ್ಜಿ ಕನ್ನಡಕ ಏರಿಸಿಕೊಂಡು ನೋಡಿ, "ಇದು ದೊಡ್ಡದು, ಆ ಇನ್ನೊಂದರ ಕಣ್ಣು ಮಂಜಾಗಿದೆ" ಅಂದರು. ದೊಡ್ಡದು ಅಂತ ಬೆರಳು ತೋರಿಸಿದ್ದು 0.90ರ ಕಡೆಗೆ. ಅಂಚಿನವರೆಗೂ ಬೆಳಕಿದ್ದರೆ ಕಲ್ಲು ದೊಡ್ಡದಾಗಿ ಕಾಣುತ್ತೆ. ಸೋದರಮಾವ ಕಲ್ಲುಗಳ ಜಾಗ ಬದಲಿಸಿ ಮತ್ತೆ ಕೇಳಿದರು. ಅಜ್ಜಿ ಮತ್ತೆ ಅದನ್ನೇ ತೋರಿಸಿದರು. ನಲವತ್ತು ಸಾವಿರ ಉಳಿಯಿತು ಅಂತ ಹುಡುಗಿಯ ತಂದೆ ಆ ದುಡ್ಡಲ್ಲಿ ಒಂದು ಜೊತೆ ಓಲೆಗೂ ಆರ್ಡರ್ ಕೊಟ್ಟರು.

ಓಲೆ ಅಂದ ಮೇಲೆ ಒಂದು ಸಣ್ಣ ಪ್ರಯೋಗ. ಏಳು ಕಲ್ಲಿನ ಓಲೆಗೆ ಹಾಕುವ ಒಂಬತ್ತು ಹತ್ತು ಸೆಂಟಿನ ಕಲ್ಲಿಗೆ ಯಾರೂ ರಿಪೋರ್ಟ್ ಮಾಡಿಸಲ್ಲ, ಕಣ್ಣಲ್ಲೇ ಆರಿಸಬೇಕು. ಉಂಗುರಕ್ಕೆ ನಾನು ಬೇಡ ಅನ್ನುವ ಸ್ವಲ್ಪ ಚಪ್ಪಟೆ ಹೊಟ್ಟೆಯ ಕಲ್ಲು, ಅಂದರೆ ಪೆವಿಲಿಯನ್ 40.2ರ ಆಸುಪಾಸು, ಓಲೆಯಲ್ಲಿ ಚೆನ್ನಾಗಿಯೇ ಕಂಡಿತು. ಉಂಗುರವನ್ನು ಹತ್ತಿರದಿಂದ ನೋಡುತ್ತಾರೆ, ನೋಡುವವರ ತಲೆಯ ನೆರಳೇ ಕಲ್ಲಿನೊಳಗೆ ಕಪ್ಪಾಗಿ ಬೀಳುತ್ತೆ. ಓಲೆಯನ್ನು ಯಾರೂ ಅಷ್ಟು ಹತ್ತಿರ ಹೋಗಿ ನೋಡಲ್ಲ. ಆದರೆ ಇನ್ನೂ ಚಪ್ಪಟೆಯಾಗಿ 39ರ ಕೆಳಗೆ ಹೋದರೆ ಟೇಬಲ್ ಒಳಗೆ ಗರ್ಡಲ್‌ನ ಬೂದು ಉಂಗುರ ಮೀನಿನ ಕಣ್ಣಿನ ಹಾಗೆ ಕಾಣುತ್ತೆ, ಅದು ಯಾವ ಒಡವೆಗೂ ಬೇಡ. ಇನ್ನೊಂದು ದಿನ ಸುಮ್ನೆ ಒಳ್ಳೆ ಕಲ್ಲೊಂದರ ಹಿಂಭಾಗಕ್ಕೆ ಕೊಬ್ಬರಿ ಎಣ್ಣೆ ಸವರಿ ಡಬ್ಬಿಯಲ್ಲಿಟ್ಟೆ. ಅರ್ಧ ಕೆಂಪು ಮಾಯ. ವರ್ಷಗಟ್ಟಲೆ ತೊಳೆಯದ ಮೂಗುಬೊಟ್ಟು ತಂದು "ಕಲ್ಲು ಸತ್ತುಹೋಗಿದೆ" ಅನ್ನುವವರಿಗೆ ಈಗ ಮೊದಲು ಸೋಪಿನ ಬಿಸಿನೀರು, ಆಮೇಲೆ ವ್ಯಾಪಾರ.

ರಿಪೋರ್ಟಿನಲ್ಲಿ 'ಎಕ್ಸಲೆಂಟ್' ಇದ್ದರೆ ಸಾಕು ಅಂದುಕೊಳ್ಳಬೇಡಿ. ವಜ್ರಕ್ಕೆ ದರ್ಜೆ ಕೊಡುವ ಜಿಐಎ ಸಂಸ್ಥೆ 2006ರಿಂದ ರೌಂಡ್ ಕಲ್ಲಿಗೆ ಕಟ್ ಗ್ರೇಡ್ ಕೊಡುತ್ತಿದೆ, ಅವರ ಎಕ್ಸಲೆಂಟ್‌ನ ಬಾಗಿಲು ಅಗಲವಾಗಿದೆ. ಕ್ರೌನ್ 35.5, ಪೆವಿಲಿಯನ್ 41.2 ಇರುವುದೂ ಒಳಗೆ ಬರುತ್ತೆ. ಅಂಥದೊಂದನ್ನು ಡಬ್ಬಿಯಲ್ಲಿಟ್ಟಾಗ ಟೇಬಲ್ ಸುತ್ತ ತೆಳು ಬಿಳಿ ಕಂಡಿತು. ಕ್ರೌನ್ ಒಂದು ಡಿಗ್ರಿ ಏರಿದರೆ ಪೆವಿಲಿಯನ್ ಸುಮಾರು 0.2 ಇಳಿಯಬೇಕು, ನಾನು ಕೈಬೆರಳಲ್ಲಿ ಮಾಡುವ ಲೆಕ್ಕ ಇದು. ಎರಡೂ ಒಟ್ಟಿಗೆ ಏರಿದರೆ ಕೆಟ್ಟಿತು. ಅದೂ ಅಲ್ಲದೆ ರಿಪೋರ್ಟಿನ ಕೋನ ಸರಾಸರಿ ಮಾಡಿ, ರೌಂಡ್ ಮಾಡಿ ಬರೆದದ್ದು. ಎಂಟು ಮುಖಗಳಲ್ಲಿ ಒಂದು ಹೆಚ್ಚು ಒಂದು ಕಡಿಮೆ ಇದ್ದರೂ ನಂಬರ್ ಚೆಂದವೇ ಬರುತ್ತೆ. ಹಾಗಾಗಿ ನಂಬರ್ ನೋಡುವುದು ಕಲ್ಲನ್ನು ತಳ್ಳಿಹಾಕಲು, ಆರಿಸುವುದು ಡಬ್ಬಿಯಿಂದ. ಓವಲ್, ಪೇರ್ ಇಂಥ ಆಕಾರಕ್ಕೆ ಈ ಕೋನಗಳ ಲೆಕ್ಕ ಹಿಡಿದುಕೊಂಡು ಹೋಗಬೇಡಿ, ನಡೆಯಲ್ಲ.

ಆ 1.01 ಏನಾಯಿತು ಅಂತ ಕೇಳುತ್ತೀರಿ. ವಾಪಸ್ ಕಳಿಸಿದ್ದೆ, ಸುತ್ತಾಡಿ ನಮ್ಮೂರಿನವರೇ ಒಬ್ಬರ ಕೈಗೆ ಬಂತು. ಅವರ ಬಳಿ ವರ್ಷದ ಮೇಲೆ ಕೂತಿತ್ತು. ಅಷ್ಟರಲ್ಲಿ ಲ್ಯಾಬಿನಲ್ಲಿ ಬೆಳೆಸಿದ ಕಲ್ಲುಗಳು ಬಂದು ಬೆಲೆಯೂ ಬಿದ್ದಿತ್ತು. ಎರಡು ಲಕ್ಷ ಮೂವತ್ತು ಸಾವಿರಕ್ಕೆ ನಾನೇ ತಗೊಂಡೆ, ಸೂರತ್ತಿಗೆ ರೀಕಟ್‌ಗೆ ಕಳಿಸಿದೆ. "ಒಂದು ಕ್ಯಾರಟ್ ಕಲ್ಲನ್ನು ಯಾರಾದ್ರೂ ಕರಗಿಸ್ತಾರಾ, ತಲೆ ಕೆಟ್ಟಿದೆಯಾ?" ಅಂತ ಮಾರಿದವರೇ ಬೈದರು. ಪೆವಿಲಿಯನ್ 40.8ಕ್ಕೆ, ಕ್ರೌನ್ 34.5ಕ್ಕೆ, ಗರ್ಡಲ್ ಹದಕ್ಕೆ ತಂದರು. ತೂಕ 0.86ಕ್ಕೆ ಇಳಿಯಿತು. ಅಗಲ 6.20 ಇದ್ದದ್ದು 6.13. ಹದಿನೈದು ಸೆಂಟ್ ಹೋಯಿತು, ಮೇಲಿನಿಂದ ಕಳೆದುಕೊಂಡಿದ್ದು 0.07 ಮಿಲಿ. ಡಬ್ಬಿಯಲ್ಲಿ ಬಿಳಿ ಬಳೆ ಇಲ್ಲ. ಕೂಲಿ, ಹೊಸ ರಿಪೋರ್ಟ್, ಕೊರಿಯರ್ ಎಲ್ಲ ಸೇರಿ ಇಪ್ಪತ್ತು ಸಾವಿರದ ಒಳಗೆ. ಸಾಗರದ ಒಬ್ಬರಿಗೆ ಎರಡು ಅರವತ್ತಕ್ಕೆ ಕೊಟ್ಟೆ. ಲಾಭ ಹತ್ತು ಸಾವಿರದ ಆಚೆ ಈಚೆ, ದೊಡ್ಡದೇನಲ್ಲ. ಆದರೆ ಅವರ ಹತ್ತಿರ ವರ್ಷ ಕೂತ ಕಲ್ಲು ನನ್ನ ಹತ್ತಿರ ಹದಿನೈದು ದಿನವೂ ಕೂರಲಿಲ್ಲ.